ಬುಡನಸಾಬರ ಎಡಗೈ

ಬ್ಯಾಡಗಿಯಲ್ಲಿ ಆರು ಹುಡುಗಿಯರು ನಮ್ಮ ಆಟ ಆಡಿ ನನ್ನ ತಲೆ ಕೆಡಿಸಿದ ದಿನದಿಂದ ಶುರು ಮಾಡಬಹುದಿತ್ತು. ಆದರೆ ಬುಡನಸಾಬರನ್ನು ಮೊದಲು ತೋರಿಸದೆ ಅಲ್ಲಿಗೆ ಹೋದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ, ಆಮೇಲೆ ಬೈಯುವುದು ನನ್ನನ್ನೇ.

ಹಾವೇರಿಯ ಬುಡನಸಾಬರು ತಾಷಾ ಬಾರಿಸುವವರು. ಕೊರಳಿಗೆ ತೂಗುಹಾಕಿಕೊಂಡು ಎರಡು ಬಿದಿರು ಕಡ್ಡಿಗಳಲ್ಲಿ ಬಾರಿಸುವ ಆ ಚಿಕ್ಕ ವಾದ್ಯ ಬ್ಯಾಂಡಿನ ಮುಂದೆ ನಡೆಯುತ್ತದೆ. ಹಿಂದಿನ ಡೋಲು, ಕ್ಲಾರಿನೆಟ್ಟು, ತುತ್ತೂರಿ ಎಲ್ಲ ಅದನ್ನೇ ಹಿಂಬಾಲಿಸಬೇಕು. ಮೀಸೆ ಮೂಡುವ ಮೊದಲೇ ಅದನ್ನು ಕೊರಳಿಗೆ ಹಾಕಿಕೊಂಡವರು, ಮೀಸೆ ಬೆಳ್ಳಗಾದರೂ ಇಳಿಸಿರಲಿಲ್ಲ. ಮದುವೆ ಇಲ್ಲದ ತಿಂಗಳಲ್ಲಿ ಊಟದ ತಾಟು, ಕಿಟಕಿ, ಬಸ್ಸಿನ ಮುಂದಿನ ಸೀಟು, ಯಾವುದನ್ನೂ ಬಾರಿಸದೆ ಬಿಡುತ್ತಿರಲಿಲ್ಲ. "ಸಾಕ ಮಾಡ್ರಿ, ಕಿವಿ ತೂತು ಬಿದ್ದಾವು" ಎಂದು ಹೆಂಡತಿ ತಾಜಬಿ ಬೈದರೆ, ಆ ಬೈಗುಳಕ್ಕೂ ತಾಳ ಹಾಕುತ್ತಿದ್ದರು. ಅವರು ಎಲ್ಲರೆದುರು ಹೇಳುತ್ತಿದ್ದ ಮಾತು ಒಂದಿತ್ತು.

"ನನ್ನ ಪೆಟ್ಟು ತಡಾ ಆದ ದಿನ ತಾಷಾ ಕೊರಳಿಂದ ತಗದ ಇಡ್ತೇನಿ. ಮತ್ತೊಬ್ಬರ ಕಡಿಂದ ಹೇಳಿಸ್ಕೊಳ್ಳೂ ಮಂದಿ ಅಲ್ಲ ನಾನು."

ಹೀಗೆ ಹೇಳಿ ನಗುತ್ತಿದ್ದರು. ಕೇಳಿದವರೂ ನಗುತ್ತಿದ್ದರು. ಅಂಥ ದಿನ ಬರುತ್ತದೆ ಎಂದು ಯಾರೂ ನಂಬಿರಲಿಲ್ಲ, ಅವರ ಮಗಳು ದಿಲನಾಜ ಅಂತೂ ನಂಬಿರಲೇ ಇಲ್ಲ.

ದಿಲನಾಜ ಮತ್ತು ನಾನು ರಾಣೆಬೆನ್ನೂರಿನಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಮೊಬೈಲ್ ಆಟ ಮಾಡುತ್ತೇವೆ. ಕೆಳಗೆ ಹತ್ತಿ ಬೀಜ, ಮೆಕ್ಕೆಜೋಳದ ಬೀಜ, ಮೇಲೆ ನಾವಿಬ್ಬರು. ಅವಳದು ಪ್ರೋಗ್ರಾಂ ಬರೆಯುವ ಕೆಲಸ, ನನ್ನದು ಸದ್ದಿನ ಕೆಲಸ. "ನಿರ್ಮಲಾ ಇನ್ನೂ ಆಟಾ ಆಡ್ತಾಳಂತ" ಎಂದು ನಮ್ಮ ಓಣಿಯ ಹೆಂಗಸರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಅವರ ಬಾಯಿ, ಅವರ ಹಲ್ಲು.

ಆಟ ಸರಳ. ನಮ್ಮ ಕಡೆಯ ಬ್ಯಾಂಡಿನ ಹಾಡು ಮೊಳಗುತ್ತದೆ. ಪರದೆಯ ಎಡಕ್ಕೊಂದು, ಬಲಕ್ಕೊಂದು ಓಣಿ. ಅವುಗಳಲ್ಲಿ ಬಣ್ಣದ ಚುಕ್ಕೆಗಳು ಇಳಿದು ಬರುತ್ತವೆ. ಚುಕ್ಕೆ ಕೆಳಗಿನ ಗೆರೆ ಮುಟ್ಟುವುದೂ ಹಾಡಿನಲ್ಲಿ ಪೆಟ್ಟು ಬೀಳುವುದೂ ಒಂದೇ ಹೊತ್ತಿಗೆ. ಆಗ ನೀವು ಬೆರಳು ಒತ್ತಬೇಕು. ಎಷ್ಟು ಸರಿಯಾಗಿ ಒತ್ತಿದಿರಿ ಎಂದು ಆಟ ತೀರ್ಪು ಕೊಡುತ್ತದೆ. ಬೇರೆ ಆಟಗಳಲ್ಲಿ ಪರ್ಫೆಕ್ಟ್, ಗ್ರೇಟ್, ಮಿಸ್ ಎಂದು ಬರುತ್ತದಲ್ಲ, ನಮ್ಮಲ್ಲಿ ಭೇಷ್, ಚಲೋ, ಹೋತು. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ. ಪೆಟ್ಟಿನ ಹಿಂದೆ ಮುಂದೆ ನಲವತ್ತು ಚೂರಿನೊಳಗೆ ಒತ್ತಿದರೆ ಭೇಷ್. ತೊಂಬತ್ತರೊಳಗೆ ಒತ್ತಿದರೆ ಚಲೋ. ಅದನ್ನೂ ದಾಟಿದಿರೋ, ಹೋತು. ಯಂತ್ರಕ್ಕೆ ಮುಲಾಜಿಲ್ಲ. ನಲವತ್ತೊಂದಾದರೆ "ಪಾಪ, ಮುದುಕ" ಅಂತ ಅದು ನಲವತ್ತಕ್ಕೆ ಇಳಿಸಿಕೊಳ್ಳುವುದಿಲ್ಲ.

ಇಲ್ಲಿ ಒಂದು ಫಜೀತಿ ಇದೆ. ಫೋನು ಸದ್ದು ಹೊರಡಿಸಿ ಅದು ಕಿವಿಗೆ ಬೀಳುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಗಿರುತ್ತದೆ. ಬೆರಳು ಗಾಜಿಗೆ ತಾಗಿದ್ದು ಆಟಕ್ಕೆ ಗೊತ್ತಾಗುವಷ್ಟರಲ್ಲಿ ಮತ್ತೆ ಸ್ವಲ್ಪ. ಹೀಗಾಗಿ ನೀವು ಕೇಳಿಸಿದ ಪೆಟ್ಟಿಗೆ ಸರಿಯಾಗಿ ಒತ್ತಿದರೂ ಆಟದ ಲೆಕ್ಕದಲ್ಲಿ ತಡವೇ. ಆ ತಡ ಫೋನಿನದು, ನಿಮ್ಮದಲ್ಲ. ಅದಕ್ಕೇ ಮೊದಲು ಆಟವನ್ನು ಹೊಂದಿಸಿಕೊಳ್ಳಬೇಕು. ಫೋನು ಟಕ್ ಟಕ್ ಎನ್ನುತ್ತದೆ, ನೀವು ಜೊತೆಗೆ ಒತ್ತುತ್ತೀರಿ, ಸರಾಸರಿ ಎಷ್ಟು ತಡವಾಯಿತು ಎಂದು ಆಟ ಲೆಕ್ಕ ಹಾಕುತ್ತದೆ. ಆಮೇಲೆ ಪ್ರತಿ ಒತ್ತಿನಿಂದಲೂ ಅಷ್ಟನ್ನು ಕಳೆದು ತೀರ್ಪು ಕೊಡುತ್ತದೆ. ಆ ಕಳೆಯುವ ಅಂಕಿಗೆ ಆಫ್‌ಸೆಟ್ ಎನ್ನುತ್ತಾರೆ. ಅದು ತಪ್ಪಿದರೆ ಆಟವೇ ಸುಳ್ಳು.

ನಮ್ಮ ಆಟಕ್ಕೆ ಆ ಅಂಕಿ ಯಾರ ಕೈಯಿಂದ ಬರಬೇಕು? ಕೇಳುವ ಮಾತೇ ಅಲ್ಲ. ಹಾಡಿನ ತಾಷಾ ಬುಡನಸಾಬರದು, ಮನೆಯವರು ಬೇರೆ. ದೀಪಾವಳಿ ಮುಗಿದ ವಾರ ಅವರನ್ನು ರಾಣೆಬೆನ್ನೂರಿಗೆ ಕರೆಸಿದೆವು. ಮಿರ್ಚಿ, ಚಹಾ ಆಯಿತು. ಫೋನನ್ನು ಮೇಜಿನ ಮೇಲೆ ಮಲಗಿಸಿ, "ಚಾಚಾ, ಒಂದ ಬೆರಳಲೆ ಹೊಡೀರಿ ಸಾಕು" ಎಂದೆ.

ಅವರಿಗೆ ಸಿಟ್ಟೇ ಬಂತು. "ಒಂದ ಬೆರಳಲೆ ಬಡಿಯೂದು ಬಾಗಲಾ ನಿರ್ಮಲವ್ವಾ. ತಾಷಾಕ್ಕ ಎರಡ ಕೈ ಬೇಕು."

ಎರಡೂ ಕೈಯ ತೋರುಬೆರಳು ಚಾಚಿ, ಬಲ, ಎಡ, ಬಲ, ಎಡ ಎಂದು ಟಕ್ ಟಕ್ ಜೊತೆ ಹೊಡೆದರು. ಕಣ್ಣು ಮುಚ್ಚಿಕೊಂಡಿದ್ದರು. ಅಂಕಿ ಬಂತು, ನೂರಿಪ್ಪತ್ತು. ಅದನ್ನು ಹಾಕಿ ಒಂದು ಹಾಡು ಆಡಿಸಿದೆವು. ಭೇಷ್, ಭೇಷ್, ಭೇಷ್. ಮೊದಲಿನಿಂದ ಕೊನೆಯವರೆಗೆ ಪರದೆ ತುಂಬ ಅದೇ. ದಿಲನಾಜ ಚಪ್ಪಾಳೆ ತಟ್ಟಿದಳು. ಕೆಳಗಿನ ಅಂಗಡಿಯ ಶಂಕ್ರಪ್ಪನವರು ಸದ್ದು ಕೇಳಿ ಮೇಲೆ ಬಂದು ನೋಡಿ, "ಮುಂದಿನ ತಿಂಗಳ ಅಗಡ್ಯಾಗ ನಮ್ಮ ತಂಗಿ ಮಗಳ ಲಗ್ನ ಐತಿ, ಬ್ಯಾಂಡ್ ನಿಮ್ಮದ ಆಗ್ಬೇಕ ನೋಡ್ರಿ" ಎಂದು ಅಲ್ಲೇ ಮಾತು ಕೊಟ್ಟರು. ಚಾಚಾ ಹಿಗ್ಗಿ ಹೋದರು.

ಈಗ ಬ್ಯಾಡಗಿಗೆ ಬರ್ರಿ. ಆಟವನ್ನು ಹೊರಗೆ ಬಿಡುವ ಮೊದಲು ಗುರುತಿಲ್ಲದವರ ಕೈಗೆ ಕೊಟ್ಟು ನೋಡಬೇಕು. ಗೆಳತಿಯೊಬ್ಬಳು ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಅವಳ ಆರು ವಿದ್ಯಾರ್ಥಿನಿಯರಿಗೆ ಆರು ಫೋನು ಕೊಟ್ಟೆವು. ಚಾಚಾ ಬಾರಿಸಿದ ಫೋನಿನದೇ ಕಂಪನಿ, ಅದೇ ಮಾದರಿ, ಆದ್ದರಿಂದ ಅದೇ ನೂರಿಪ್ಪತ್ತನ್ನೇ ಎಲ್ಲದರಲ್ಲೂ ಹಾಕಿದ್ದೆವು. ಹೊಸದಾಗಿ ಬಾಣವನ್ನೂ ಸೇರಿಸಿದ್ದೆವು: ಒತ್ತು ಮುಂಚೆ ಬಿದ್ದರೆ ನೀಲಿ, ತಡವಾಗಿ ಬಿದ್ದರೆ ಕೆಂಪು. ಮೆಣಸಿನಕಾಯಿ ಹಂಗಾಮು. ಘಾಟು ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ನಾನು ಸೀನುತ್ತ ಕೂತಿದ್ದೆ, ಹುಡುಗಿಯರು ಆಡುತ್ತಿದ್ದರು.

ಆರಕ್ಕೆ ಆರೂ ಫೋನಿನಲ್ಲಿ ನೀಲಿ ಬಾಣ. ಭೇಷ್ ಕಡಿಮೆ, ಚಲೋ ಜಾಸ್ತಿ. ಎಲ್ಲರೂ ಮುಂಚೆ.

ಶಾಹೀನ್ ಎಂಬ ಹುಡುಗಿ, ಮಾತಿಗೆ ಹೆದರುವವಳಲ್ಲ, ಫೋನನ್ನು ನನ್ನ ಮುಂದೆ ಇಟ್ಟಳು. "ಅಕ್ಕಾರ, ಹಾಡಿನ ಜೋಡಿ ಹೊಡದ್ರ ಚಲೋ ಅಂತೈತಿ. ಹಾಡಿನ ಹಿಂದ ಹೊಡದ್ರ ಭೇಷ್ ಅಂತೈತಿ. ಇದೆಂಥಾ ಆಟರಿ?"

"ಮಂದಿ ಯಾವಾಗ್ಲೂ ಸ್ವಲ್ಪ ಮುಂಚೇನ ಹೊಡೀತಾರವ್ವಾ. ಮನುಷ್ಯಾರ ಕೈ ತಾಳಕ್ಕ ಕಾಯೂದಿಲ್ಲ, ಆತುರ" ಎಂದೆ. ಸುಳ್ಳೇನಲ್ಲ, ಅಂಥದ್ದೊಂದು ರೂಢಿ ಮನುಷ್ಯರ ಕೈಗೆ ಇದೆ. ಆದರೆ ಒಬ್ಬೊಬ್ಬರಿಗೆ ಒಂದೊಂದಷ್ಟು ಇರಬೇಕು. ಆರು ಜನರೂ ಮಾತಾಡಿಕೊಂಡವರಂತೆ ಸುಮಾರು ನಲವತ್ತೈದು ಚೂರು ಮುಂಚೆ ಹೊಡೆಯುವುದು ಎಂದರೆ? ಆತುರಕ್ಕೆಂದು ಹದಿನೈದು ಬಿಟ್ಟುಕೊಟ್ಟರೂ, ನಮ್ಮ ಅಂಕಿಯೇ ಮೂವತ್ತು ಹೆಚ್ಚಾಗಿದೆ ಎಂದು ಅರ್ಥ.

ಬಸ್ಸಿನಲ್ಲಿ ಇದನ್ನು ದಿಲನಾಜಳಿಗೆ ಹೇಳಿದೆ. ಅವಳು ಮುಖ ಗಂಟು ಹಾಕಿದಳು. "ಆ ಅಂಕಿ ಅಬ್ಬಾನ ಕೈಯಾಂದು, ಅಕ್ಕಾ. ನಿಮ್ಮ ಆರು ಹುಡುಗ್ಯಾರ ಸಲುವಾಗಿ ಅಬ್ಬಾ ತಪ್ಪ ಅನ್ನಬೇಕೇನು?"

"ತಪ್ಪ ಅಂತ ನಾ ಎಲ್ಲಿ ಅಂದೆ? ಮತ್ತೊಮ್ಮೆ ಅಳದ ನೋಡೂಣು ಅಂದೆ."

"ಅಂದಂಗ ಆತಲ್ಲ."

ಮೋಟೆಬೆನ್ನೂರು ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೂ ಸಿಟ್ಟು ಬಂದಿತ್ತು.

ಮರುದಿನ ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಯಾರ ತಾಳದ ಹಂಗೂ ಇಲ್ಲದೆ ಅಳೆದೆವು. ಆಟದಲ್ಲಿ ಬೆರಳು ತಾಗಿದ ಕೂಡಲೇ ಒಂದು ಸದ್ದು ಬರುವಂತೆ ಮಾಡಿ, ಪಕ್ಕದಲ್ಲಿ ಮೈಕು ಇಟ್ಟು, ಉಗುರಿನಿಂದ ಗಾಜಿಗೆ ಟಕ್ಕನೆ ಹೊಡೆಯುವುದು. ರೆಕಾರ್ಡಿನಲ್ಲಿ ಎರಡು ಸದ್ದು ಬರುತ್ತವೆ, ಮೊದಲು ಉಗುರಿನದು, ಆಮೇಲೆ ಫೋನಿನದು. ನಡುವಿನ ಅಂತರವೇ ಫೋನು ತಿನ್ನುವ ಹೊತ್ತು. ಇಲ್ಲಿ ತಾಳ ಬರುವವರೂ ಬೇಡ, ಬಾರದವರೂ ಬೇಡ. ಬೇರೆ ಬೇರೆ ಫೋನಿನಲ್ಲಿ ಮತ್ತೆ ಮತ್ತೆ ಅಳೆದೆವು. ತೊಂಬತ್ತರ ಆಚೀಚೆಯೇ ಬಂತು.

ನೂರಿಪ್ಪತ್ತಲ್ಲ, ತೊಂಬತ್ತು. ಉಳಿದ ಮೂವತ್ತು ಎಲ್ಲಿಂದ ಬಂತು?

ದಿಲನಾಜ ಚಾಚಾ ಬಾರಿಸಿದ ದಿನದ ಚಿತ್ರ ತೆಗೆದಳು. ಪ್ರತಿ ಒತ್ತು ಎಲ್ಲಿ ಬಿತ್ತು ಎಂದು ಆಟ ಒಂದೊಂದು ಚುಕ್ಕೆ ಇಡುತ್ತದೆ. ಚುಕ್ಕೆಗಳು ಒಂದರ ಮೇಲೊಂದು ಬಿದ್ದು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸುರಿದಂತೆ ಗುಡ್ಡೆಯಾಗುತ್ತವೆ. ಚಲೋ ಆಡುವವರದು ಒಂದೇ ಗುಡ್ಡೆ, ಚೂಪಾದದ್ದು. ಚಾಚಾರದು ಎರಡು ಗುಡ್ಡೆ ಇತ್ತು.

ಬಲಗೈ ಒತ್ತುಗಳನ್ನು ಹಸಿರು ಮಾಡಿದಳು, ಎಡಗೈಯವನ್ನು ಕೆಂಪು. ಹಸಿರು ಗುಡ್ಡೆ ತೊಂಬತ್ತರ ಮೇಲೆ, ಸೂಜಿ ಚುಚ್ಚಿದಷ್ಟು ಸರಿಯಾಗಿ. ಕೆಂಪು ಗುಡ್ಡೆ ನೂರೈವತ್ತರ ಮೇಲೆ. ಬಲಗೈ ಸರಿಯಾಗಿತ್ತು. ಎಡಗೈ ಅರವತ್ತು ಚೂರು ಹಿಂದೆ ಬಿದ್ದಿತ್ತು. ಸರಾಸರಿ ಹಾಕಿದ ಆಟ, ಎರಡರ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ಗೂಟ ಬಡಿದಿತ್ತು. ಆ ನೂರಿಪ್ಪತ್ತರಿಂದ ನೋಡಿದರೆ ಬಲಗೈ ಮೂವತ್ತು ಮುಂಚೆ, ಎಡಗೈ ಮೂವತ್ತು ತಡ. ಎರಡೂ ನಲವತ್ತರ ಒಳಗೇ. ಅದಕ್ಕೇ ಎಲ್ಲ ಭೇಷ್.

ಅಯ್ಯೋ ದೇವರೇ ಎಂದು ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ದಿಲನಾಜಳ ಕಣ್ಣು ಆ ಕೆಂಪು ಗುಡ್ಡೆಯ ಮೇಲೇ ಇತ್ತು.

"ಅಬ್ಬಾ ಅಂಗಿ ಗುಂಡಿ ಹಾಕ್ಕೊಳ್ಳಾಕ ಈಗ ಅಮ್ಮಾನ್ನ ಕರೀತಾನ" ಎಂದಳು ಮೆಲ್ಲಗೆ. "ನಡಕೋತ ಹೋಗಬೇಕಾದ್ರ ಎಡಗಾಲಿನ ಚಪ್ಪಲಿ ಕಳಚಿ ಬೀಳತೈತಿ. ಚಪ್ಪಲಿ ಸಡ್ಲ ಆಗ್ಯಾವು ಅಂತ ಹೊಸಾವು ತಂದ ಕೊಟ್ಟೆ ನಾನು."

ಅವಳು ಅತ್ತಳು. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಒಂದ ಫೋನ್‌ನ್ಯಾಗ ನೂರಿಪ್ಪತ್ತ ಇರ್ಲಿ ಅಕ್ಕಾ. ಅಬ್ಬಾನ ಫೋನ್‌ನ್ಯಾಗ ಅಷ್ಟ. ಯಾರಿಗೇನ ಲುಕ್ಸಾನ?" ಎಂದಳು.

"ದಿಲನಾಜ, ಆ ಅಂಕಿ ಎರಡೂ ಗುಡ್ಡೀನ ಒಟ್ಟಿಗೇ ಅತ್ತ ಇತ್ತ ಸರಸ್ತೈತಿ. ಒಂದನ್ನ ಇನ್ನೊಂದರ ಸನೇಕ ತರೂದಿಲ್ಲ. ನಾಳೆ ಎಡಗೈ ಇನ್ನಷ್ಟು ಹಿಂದ ಬಿತ್ತು ಅಂದ್ರ ಏನ ಮಾಡ್ತಿ?"

"ನಾಳೆ ನೋಡೂಣು."

"ಡಾಕ್ಟರಿಗೆ ತೋರ್ಸೂದು ಬಿಟ್ಟು ಅಂಕಿ ತಿದ್ದಕೋತ ಕುಂದರ್ತೀ ಏನು?" ಎಂದು ರೇಗಿದೆ. ರೇಗಬಾರದಿತ್ತು, ಆದರೆ ನನ್ನ ಬಾಯಿಗೆ ಬ್ರೇಕಿಲ್ಲ. ಅವಳು ಒಂದು ಫೋನಿನಲ್ಲಿ ನೂರಿಪ್ಪತ್ತನ್ನೇ ಉಳಿಸಿ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಇಬ್ಬರೂ ಹಾವೇರಿಗೆ ಹೋದೆವು. ಡಾಕ್ಟರ ಮಾತು ಹೇಗೆ ತೆಗೆಯುವುದು ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆವು. ಅದಕ್ಕೆ ಚಾಚಾ ಅವಕಾಶವನ್ನೇ ಕೊಡಲಿಲ್ಲ. ಚಹಾ ಕಪ್ಪು ಕೈಯಲ್ಲಿರುವಾಗಲೇ "ಬ್ಯಾಡಗಿ ಹುಡುಗ್ಯಾರು ಏನಂದ್ರು? ತರ್ರಿ ಇಲ್ಲಿ, ಆಡ್ತೇನಿ" ಎಂದು ಕೈ ಚಾಚಿದರು. ದಿಲನಾಜ ಬೇಕೆಂದೇ ನೂರಿಪ್ಪತ್ತರ ಫೋನು ಹುಡುಕುತ್ತಿದ್ದಳು. ಅವರು ಚೀಲದಿಂದ ಇಣುಕುತ್ತಿದ್ದ ಇನ್ನೊಂದನ್ನೇ ಎತ್ತಿಕೊಂಡರು. ಅದರಲ್ಲಿದ್ದುದು ತೊಂಬತ್ತು.

ಹಾಡು ಶುರುವಾಯಿತು. ಬಲಕ್ಕೆ ಭೇಷ್. ಎಡಕ್ಕೆ ಚಲೋ, ಕೆಂಪು ಬಾಣ. ಬಲಕ್ಕೆ ಭೇಷ್. ಎಡಕ್ಕೆ ಚಲೋ. ಹಾಡು ಜೋರು ಹಿಡಿದಾಗ ಎಡಕ್ಕೆ ಒಂದು ಹೋತು, ಆಮೇಲೆ ಮತ್ತೊಂದು. ಚಾಚಾರ ಹುಬ್ಬು ಗಂಟಿಕ್ಕಿತು. ಹಾಡು ಮುಗಿಯುವವರೆಗೂ ಕೈ ನಿಲ್ಲಿಸಲಿಲ್ಲ.

"ಮಷೀನ್ ಕೆಟ್ಟೈತಿ" ಎಂದರು.

"ಹೌದ್ ಅಬ್ಬಾ, ಅದ ಕೆಟ್ಟಿದ್ದು. ಇದನ್ನ ತಗೋ" ಎಂದು ದಿಲನಾಜ ಇನ್ನೊಂದನ್ನು ಕೊಟ್ಟಳು. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ಭೇಷ್. ಆದರೆ ಅವರು ಈಗ ಬಾಣ ನೋಡುತ್ತಿದ್ದರು. ಬಲಕ್ಕೆ ನೀಲಿ, ಎಡಕ್ಕೆ ಕೆಂಪು, ಬಲಕ್ಕೆ ನೀಲಿ, ಎಡಕ್ಕೆ ಕೆಂಪು.

ಎರಡೂ ಫೋನನ್ನು ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟು ಬಲಗೈಯೊಂದರಲ್ಲೇ ಟಕ್ ಟಕ್ ಜೊತೆ ಹೊಡೆದರು. ತೊಂಬತ್ತರ ಫೋನಿನಲ್ಲಿ ಬಾಣವೇ ಇಲ್ಲ, ನೆಟ್ಟಗೆ ನಡುವೆ. ನೂರಿಪ್ಪತ್ತರದರಲ್ಲಿ ಎಲ್ಲ ನೀಲಿ. ಆಮೇಲೆ ಬಲಗೈ ತೊಡೆಯ ಕೆಳಗೆ ಹೋಯಿತು. ಎಡಗೈ ಹೊಡೆಯಿತು. ಎರಡರಲ್ಲೂ ಕೆಂಪು.

ತಾಜಬಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಾಚಾ ಎಡಗೈಯನ್ನು ಮುಖದ ಮುಂದೆ ಹಿಡಿದು, ಬೆರಳು ಮಡಚಿ ಬಿಚ್ಚಿ ನೋಡಿದರು. ಸಂತೆಯಲ್ಲಿ ಕೊಂಡ ಸಾಮಾನನ್ನು ಮನೆಗೆ ಬಂದು ತಿರುಗಿಸಿ ನೋಡುವಂತೆ ನೋಡಿದರು.

"ನಿಮಗ ಗೊತ್ತಿತ್ತು" ಎಂದರು ಮಗಳಿಗೆ.

"ಮೊನ್ನೆ ಗೊತ್ತಾತು ಅಬ್ಬಾ."

"ಚಾಚಾ, ದಾವಣಗೇರಿಗೆ ಹೋಗಿ ಡಾಕ್ಟರಿಗೆ ತೋರ್ಸೂಣು" ಎಂದೆ ನಾನು. "ನರದ್ದೇನರ ಇದ್ರೂ ಇರಬಹುದು. ಗುಳಿಗಿ ಕೊಡ್ತಾರ."

ಅವರು ತಲೆಯೆತ್ತಿದರು. ಮುಖದಲ್ಲಿ ಏನೋ ಒಂದು ಬೆಳಕು ಬಂದಿತ್ತು, ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು.

"ನಿರ್ಮಲವ್ವಾ, ಇದು ಗಾಜು. ಬೆರಳಲೆ ಗಾಜ ಬಡಿಯೂದು ಬ್ಯಾರೆ, ಕಡ್ಡೀಲೆ ತಾಷಾ ಬಾರ್ಸೂದು ಬ್ಯಾರೆ. ನಾ ಖರೇನ ತಡಾ ಆಗಿದ್ರ ಡೋಲು ನನ್ನ ಜೋಡಿ ಹೆಂಗ ಬೀಳ್ತಿತ್ತು? ಆರಿಫನ ಡೋಲು ನನ್ನ ಪೆಟ್ಟಿಗೆ ಕೂದಲೆಳೀ ತಪ್ಪೂದಿಲ್ಲ. ಮೊನ್ನೆ ರಟ್ಟೀಹಳ್ಳ್ಯಾಗ ಮಂದಿ ಏನಂದ್ರು ಗೊತ್ತೈತೇನು? ಬುಡನಸಾಬರ ತಾಳದ ನಡಿಗಿ ಈಗೀಗ ಭಾರಿ ಠೀವಿ ಆಗೈತಿ ಅಂದ್ರು."

ಹೌದಲ್ಲ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಹನ್ನೆರಡು ಜನರ ಬ್ಯಾಂಡಿನಲ್ಲಿ ಒಬ್ಬರ ಕಿವಿಗಾದರೂ ಬೀಳಬೇಕಿತ್ತಲ್ಲ?

"ಗುರುವಾರ ಅಗಡ್ಯಾಗ ಶಂಕ್ರಪ್ಪಣ್ಣನ ಮಂದೀ ಲಗ್ನ. ನೀವಿಬ್ಬರೂ ಬರ್ರಿ" ಎಂದರು ಚಾಚಾ. "ಡೋಲನ್ನ ಕೇಳ್ತೇನಿ. ಡೋಲು ತಡಾ ಅಂದ್ರ ಅವತ್ತ ತಾಷಾ ಇಳಸ್ತೇನಿ. ಸರಿ ಐತಿ ಅಂದ್ರ ನಿಮ್ಮ ಈ ಗಾಜಿನ ಡಬ್ಬೀನ ವರದಾ ಹೊಳ್ಯಾಗ ಒಗೀತೇನಿ."

ಗುರುವಾರ ಬೆಳಿಗ್ಗೆ ಅಗಡಿಯಲ್ಲಿ ಬಿಸಿಲು ಆಗಲೇ ಚುರುಕಾಗಿತ್ತು. ಮದುಮಗನನ್ನು ಬಸ್ ನಿಲ್ದಾಣದಿಂದ ಮದುವೆ ಹಂದರದವರೆಗೆ ಕರೆದೊಯ್ಯುವ ಮೆರವಣಿಗೆ. ಬ್ಯಾಂಡಿನವರು ಕೆಂಪು ಕೋಟು ತೊಟ್ಟು ನಿಂತಿದ್ದರು. ಡೋಲಿನ ಆರಿಫ್ ಎತ್ತರದ ಆಳು, ಚಾಚಾರ ಅಕ್ಕನ ಮಗ. ತಾಷಾದ ಪಟ್ಟಿಯನ್ನು ಚಾಚಾರ ಕೊರಳಿಗೆ ಹಾಕಿ, ಎಡಗೈಗೆ ಕಡ್ಡಿ ಕೊಟ್ಟು, ಅದರ ಮೇಲೆ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿ ಕೂರಿಸಿದ. ದಿನವೂ ಮಾಡುವ ಕೆಲಸದಂತೆ ಮಾಡಿದ. ದಿಲನಾಜ ನನ್ನ ಮೊಣಕೈ ಹಿಡಿದುಕೊಂಡಳು.

ಚಾಚಾ ತಾಷಾ ಎತ್ತಿದರು. ಎಂಥ ಬಾರಿಸುವಿಕೆ ಅದು! ಬಿಸಿಲಲ್ಲಿ ನಿಂತ ಮುದುಕಿಯರ ಕಾಲೂ ಕುಣಿಯಬೇಕು. ಅವರ ತಾಳದಲ್ಲಿ ಭಾರದ ಪೆಟ್ಟು ಎಂದು ಒಂದಿದೆ, ಪ್ರತಿ ಸುತ್ತಿನ ಕೊನೆಗೆ ಎಡಗೈಯಿಂದ ಬೀಳುವುದು. ಡೋಲು ಬಂದು ಕೂಡುವುದು ಅದರ ಮೇಲೆಯೇ. ಪೆಟ್ಟು ಬಿತ್ತು, ಡೋಲು ಬಿತ್ತು. ಎರಡೂ ಒಂದೇ. ಸುತ್ತು ತಿರುಗಿ ಬಂತು, ಮತ್ತೆ ಎರಡೂ ಒಂದೇ. ಚಾಚಾ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ನೋಡಿದಿರಾ ಎಂಬಂತೆ.

ದಿಲನಾಜ ನಕ್ಕಳು. ಕಣ್ಣು ತುಂಬಿಕೊಂಡೇ ನಕ್ಕಳು. ದೇವರಾಣೆ, ನಾನೂ ನಕ್ಕೆ. ಮೈಕು ಸುಳ್ಳಾಗಲಿ, ಗುಡ್ಡೆ ಸುಳ್ಳಾಗಲಿ, ನಮ್ಮ ಆಟ ಹಾಳಾಗಿ ಹೋಗಲಿ ಎಂದುಕೊಂಡೆ.

ಆದರೆ ಬುಡನಸಾಬರು ಅಷ್ಟಕ್ಕೆ ಬಿಡುವವರಲ್ಲ. ಮನೆಯಲ್ಲಿ ಚಾಪೆಯ ಮೇಲೆ ಮಾಡಿದ್ದನ್ನೇ ಇಲ್ಲಿಯೂ ಮಾಡಿದರು. ಹನುಮಪ್ಪನ ಗುಡಿಯ ತಿರುವಿನಲ್ಲಿ, ಸುತ್ತು ಮುಗಿಯುವ ಹೊತ್ತಿಗೆ, ಎಡಗೈಯ ಕಡ್ಡಿಯನ್ನು ಮೇಲೆತ್ತಿ ಹಿಡಿದು, ಆ ಭಾರದ ಪೆಟ್ಟನ್ನು ಬಲಗೈಯಿಂದ ಹೊಡೆದರು.

ಡೋಲು ಆಮೇಲೆ ಬಿತ್ತು.

ಒಂದಾಗಿ ಕೇಳಬೇಕಾದ ಪೆಟ್ಟು ಧಡಕ್ ಎಂದು ಎರಡಾಗಿ ಕೇಳಿತು. ಮೆರವಣಿಗೆಯ ಮಂದಿಗೆ ಅದು ಗೊತ್ತಾಗಲಿಲ್ಲ, ಮದುಮಗನ ಗೆಳೆಯರು ಕುಣಿಯುತ್ತಲೇ ಇದ್ದರು. ಚಾಚಾರ ಬೆನ್ನು ನೆಟ್ಟಗಾಯಿತು. ಇನ್ನೊಂದು ಸುತ್ತು, ಮತ್ತೆ ಬಲಗೈ. ಡೋಲು ಮತ್ತೆ ಹಿಂದೆ. ಎಡಗೈಯಿಂದ ಹೊಡೆದರು: ಡೋಲು ಸರಿಯಾಗಿ ಮೇಲೆ ಬಂದು ಕೂತಿತು. ಬಲಗೈ: ಹಿಂದೆ ಬಿತ್ತು. ಡೋಲಿನ ಹಿಂದೆ ಕ್ಲಾರಿನೆಟ್ಟು, ಅದರ ಹಿಂದೆ ತುತ್ತೂರಿ. ಇಡೀ ಬ್ಯಾಂಡು ಒಬ್ಬ ಮನುಷ್ಯನ ಎಡಗೈಗೆ ತನ್ನನ್ನು ಹೊಂದಿಸಿಕೊಂಡು ನಿಂತಿತ್ತು. ಆಟ ನೂರಿಪ್ಪತ್ತು ಹಾಕಿಕೊಂಡು ಮಾಡಿದ್ದನ್ನು ಇವರು ಬಾಯಿ ಬಿಡದೆ ಮಾಡಿದ್ದರು.

ಚಾಚಾ ಕಡ್ಡಿ ನಿಲ್ಲಿಸಿದರು. ಬ್ಯಾಂಡೂ ನಿಂತಿತು. ಶಂಕ್ರಪ್ಪನವರು "ಯಾಕ? ಏನಾತು?" ಎಂದು ಮುಂದೆ ಬಂದರು.

"ಏನಿಲ್ಲ ಅಣ್ಣಾರ, ಪಟ್ಟಿ ಸಡ್ಲ ಆಗೈತಿ" ಎಂದು ಹೇಳಿ ಚಾಚಾ ಆರಿಫನ ಹತ್ತಿರ ಹೋದರು. ನಾವೂ ಓಡಿದೆವು.

"ಆರಿಫ, ಯಾವಾಗಿಂದ?"

"ಏನ್ ಮಾಮು?"

"ನನ್ನ ಎಡಗೈ ಸಲುವಾಗಿ ಯಾವಾಗಿಂದ ಕಾಯಾಕತ್ತೀರಿ?"

ಆರಿಫ್ ಡೋಲಿನ ಹಗ್ಗ ಬಿಗಿಯುವ ನೆಪ ಮಾಡಿದ. ಕ್ಲಾರಿನೆಟ್ಟಿನವರು ನೆಲ ನೋಡಿದರು. ಎಲ್ಲರಿಗೂ ಗೊತ್ತಿತ್ತು. ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ಗೊತ್ತಿತ್ತು.

"ಹ್ವಾದ ಉರುಸಿನಿಂದ ಮಾಮು" ಎಂದ ಆರಿಫ್ ಕೊನೆಗೆ. "ಮೊದಲಿಗೆ ಸ್ವಲ್ಪ ಇತ್ತು. ನಿಮಗ ಹೆಂಗ ಹೇಳೂದು? ನಾವ ಹಿಂದ ಸರದ್ರ ಆತು ಅಂತ..."

"ಒಬ್ಬನರ ಬೈದಿದ್ರ ಆಗ್ತಿತ್ತಲ್ಲೋ" ಎಂದರು ಚಾಚಾ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬೇಕಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. "ಮಂದೀ ಮುಂದ ನಾ ನೆಟ್ಟಗ ಅದೇನಿ ಅಂತ ಎದಿ ಉಬ್ಬಿಸಿ ನಡದೆ. ನೀವ ನನ್ನ ಹೊತ್ಕೊಂಡ ನಡದೀರಿ."

"ಅಬ್ಬಾ, ನಡಿ, ಮನಿಗೆ ಹೋಗೂಣು" ಎಂದಳು ದಿಲನಾಜ.

ಅವರು ಕೊರಳಿನ ಪಟ್ಟಿಗೆ ಕೈ ಹಾಕಿದರು. ಎಡಗೈಗೆ ಬಕ್ಕಲು ಬಿಚ್ಚಲು ಬರಲಿಲ್ಲ. ಬಿಚ್ಚಲು ಬಂದ ಆರಿಫನ ಕೈ ಸರಿಸಿ, ಬಲಗೈಯೊಂದರಲ್ಲೇ ಹೇಗೋ ಬಿಚ್ಚಿ, ತಾಷಾ ತೆಗೆದು ನನ್ನ ಕೈಗೆ ಕೊಟ್ಟರು. ಅದು ಬಿಸಿಲಿಗೆ ಕಾದು ಸುಡುತ್ತಿತ್ತು.

"ಬಾರ್ಸ್ರಿ" ಎಂದರು ಬ್ಯಾಂಡಿನವರಿಗೆ. "ಲಗ್ನದ ಮನಿ. ಮಂದಿ ನಿಂತಾರ, ಮುಹೂರ್ತ ಐತಿ. ಬಾರ್ಸ್ರಿ."

"ತಾಷಾ ಇಲ್ದ ಹೆಂಗ ಮಾಮು?"

"ಡೋಲು ಐತೆಲ್ಲ. ನಡೀರಿ."

ಆರಿಫ್ ಕಣ್ಣೊರೆಸಿಕೊಂಡು ಡೋಲು ಎತ್ತಿದ. ಕ್ಲಾರಿನೆಟ್ಟು ಹಾಡು ಹಿಡಿಯಿತು. ಹುಡುಗರು ಮತ್ತೆ ಕುಣಿಯತೊಡಗಿದರು. ಮೆರವಣಿಗೆ ನಮ್ಮನ್ನು ಗುಡಿಯ ಕಟ್ಟೆಯ ಹತ್ತಿರ ಬಿಟ್ಟು ಮುಂದೆ ಸಾಗಿತು. ಚಾಚಾ ಕಟ್ಟೆಯ ಮೇಲೆ ಕೂತು, ತಲೆ ಬಗ್ಗಿಸಿ ಕೇಳುತ್ತಿದ್ದರು. ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ನನಗೂ ಕೇಳಿತು. ಹಾಡಿನ ಸುತ್ತು ಮುಗಿದು ಭಾರದ ಪೆಟ್ಟು ಬೀಳಬೇಕಾದ ಜಾಗಕ್ಕೆ ಬಂದಾಗ ಆರಿಫನ ಡೋಲು ಚೂರೇ ಚೂರು ತಡೆದು ಬೀಳುತ್ತಿತ್ತು. ಪ್ರತಿ ಸುತ್ತೂ. ಅಲ್ಲಿ ಹೊಡೆಯುವವರು ಯಾರೂ ಇರಲಿಲ್ಲ, ಆದರೂ ಅವನ ಕೈ ಚಾಚಾರ ಎಡಗೈಗೆ ಬೇಕಾದಷ್ಟು ಜಾಗ ಬಿಟ್ಟೇ ಬೀಳುತ್ತಿತ್ತು.

ಚಾಚಾರ ಬೆರಳು ನಿಂತಿತು.

"ಕೇಳ್ರಿ ಅಲ್ಲಿ" ಎಂದರು. "ಇನ್ನೂ ಕಾಯಾಕತ್ತಾರ. ನಾ ಇಲ್ಲೆ ಕುಂತೇನಿ, ಅವರು ಇನ್ನೂ ಕಾಯಾಕತ್ತಾರ."

ದಿಲನಾಜ ಅವರ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಡೋಲಿನ ಸದ್ದು ಹಂದರದ ಕಡೆ ಹೋಗಿ ಕೇಳದಾಗುವವರೆಗೆ ನಾವು ಮೂವರೂ ಅಲ್ಲೇ ಕೂತಿದ್ದೆವು.